ಜೀನ್ಸ್ ಫೋಟೊದ ಹಿನ್ನೆಲೆ ತೆಗೆಯುವ ಮಾಡೆಲ್: ನೆಟ್ ಇಲ್ಲದೆಯೂ ಓಡುತ್ತದೆ, ಆದರೆ ಎಳೆಗಳು ಎಲ್ಲಿ ಹೋಗುತ್ತವೆ?

ಬಳ್ಳಾರಿಯ ಜೀನ್ಸ್ ಈಗ ಅಂಗಡಿಗಿಂತ ಮೊದಲು ಫೋನಿನ ಪರದೆ ಮೇಲೆ ಮಾರಾಟವಾಗಬೇಕು. ಆನ್‌ಲೈನ್ ಮಾರಾಟಕ್ಕೆ ಒಂದು ಷರತ್ತು ಸಾಮಾನ್ಯ: ಮುಖ್ಯ ಫೋಟೊದ ಹಿನ್ನೆಲೆ ಶುದ್ಧ ಬಿಳಿ ಇರಬೇಕು. ಅಮೆಜಾನ್‌ನಂಥ ತಾಣ ಕೆಂಪು, ಹಸಿರು, ನೀಲಿ ಮೂರೂ 255 ಇರುವ ಬಿಳಿಯನ್ನೇ ಕೇಳುತ್ತದೆ. ಕೌಲ್ ಬಜಾರಿನ ಒಂದು ಸಣ್ಣ ಯೂನಿಟ್‌ನಲ್ಲಿ ಗೋಡೆಗೆ ಮೊಳೆ ಹೊಡೆದು, ಹ್ಯಾಂಗರ್ ತೂಗುಹಾಕಿ ತೆಗೆದ ಫೋಟೊದಲ್ಲಿ ಆ ಬಿಳಿ ಎಲ್ಲಿಂದ ಬರಬೇಕು? ಹಾಗಾಗಿ ಹಿನ್ನೆಲೆ ಅಳಿಸಲೇಬೇಕು.

ಇದಕ್ಕೆ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಆದರೆ ಇನ್ನೂ ಮಾರುಕಟ್ಟೆಗೆ ಬಿಡದ ಡಿಸೈನನ್ನು ಯಾರದೋ ಸರ್ವರ್‌ಗೆ ಕಳಿಸಲು ಮಾಲೀಕರಿಗೆ ಮನಸ್ಸು ಬರುವುದಿಲ್ಲ, ಅದು ಸಹಜ. ದೊಡ್ಡ ಅಳತೆಯ ಫೋಟೊ ಬೇಕೆಂದರೆ ಎಷ್ಟೋ ಕಡೆ ದುಡ್ಡು ಕಟ್ಟಬೇಕು. ನೆಟ್ ನಿಧಾನ ಇದ್ದ ದಿನ ನೂರಾರು ಫೋಟೊ ಮೇಲೇರಿಸಿ ಇಳಿಸುವುದೂ ಒಂದು ಕಾಟ. ಅದಕ್ಕೇ ಓಪನ್ ಸೋರ್ಸ್ ಮಾಡೆಲ್, ಅಂದರೆ ಚಿತ್ರದಲ್ಲಿ ವಸ್ತು ಯಾವುದು, ಹಿನ್ನೆಲೆ ಯಾವುದು ಎಂದು ಗುರುತಿಸಲು ಕಲಿತ ಎಐ ಫೈಲು, ಇಳಿಸಿಕೊಂಡು ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಓಡಿಸುವವರು ಜಾಸ್ತಿ ಆಗುತ್ತಿದ್ದಾರೆ. ಅದು ಕೆಲಸ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಹರಿದ ಜೀನ್ಸ್, ಅಂದರೆ ನಮ್ಮವರು ಡ್ಯಾಮೇಜ್ ಪ್ಯಾಂಟ್ ಅನ್ನುವ ಮಾಲಿನಲ್ಲಿ, ಎಲ್ಲಿ ಫ್ಯಾಷನ್ ಇದೆಯೋ ಸರಿಯಾಗಿ ಅಲ್ಲೇ ಅದು ತಪ್ಪುತ್ತದೆ. ಯಾಕೆ ತಪ್ಪುತ್ತದೆ, ಎಷ್ಟು ತಪ್ಪುತ್ತದೆ ಎನ್ನುವುದನ್ನು ಮೊದಲೇ ಲೆಕ್ಕ ಹಾಕಿ ಹೇಳಬಹುದು.

ನೆಟ್ ಇಲ್ಲದೆ ಓಡಿಸುವುದು

ಈ ಕೆಲಸಕ್ಕೆ ಹೆಚ್ಚಿನವರು ಬಳಸುವುದು `rembg` ಎಂಬ ಪೈಥಾನ್ ಉಪಕರಣ. ಇದೇ ಒಂದು ಮಾಡೆಲ್ ಅಲ್ಲ. ಬೇರೆ ಬೇರೆ ಸಂಶೋಧಕರು ತಯಾರಿಸಿದ ಮಾಡೆಲ್‌ಗಳನ್ನು ಒಂದೇ ಕಮಾಂಡಿನಿಂದ ಓಡಿಸುವ ಹೊದಿಕೆ ಅಷ್ಟೇ. ಮಾಡೆಲ್ ಯಾವುದು ಬೇಕು ಎಂದು ನಾವೇ ಹೇಳಬೇಕು. ಹೇಳದಿದ್ದರೆ 2020ರ `u2net` ಓಡುತ್ತದೆ.

ಯೂನಿಟ್‌ನ ಲ್ಯಾಪ್‌ಟಾಪ್‌ಗೆ ನೆಟ್ ಇಲ್ಲ ಎಂದುಕೊಳ್ಳಿ. ನೆಟ್ ಇರುವ ಇನ್ನೊಂದು ಕಂಪ್ಯೂಟರಿನಲ್ಲಿ ಬೇಕಾದ ಪೊಟ್ಟಣಗಳನ್ನೆಲ್ಲ ಒಂದು ಫೋಲ್ಡರಿಗೆ ಇಳಿಸಿ, ಪೆನ್‌ಡ್ರೈವ್‌ನಲ್ಲಿ ತಂದು ಹಾಕಬಹುದು. ಎರಡೂ ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಪೈಥಾನ್ ಆವೃತ್ತಿ ಒಂದೇ ಇರಬೇಕು, ಇಲ್ಲದಿದ್ದರೆ ತಂದ ಪೊಟ್ಟಣ ಕೂರುವುದಿಲ್ಲ.

```
pip download "rembg[cpu,cli]" -d whl
pip install --no-index --find-links whl "rembg[cpu,cli]"
```

ಮೊದಲ ಸಾಲು ನೆಟ್ ಇರುವ ಕಡೆ, ಎರಡನೆಯದು ಎರಡೂ ಕಡೆ.

ಇಷ್ಟಕ್ಕೇ ಮುಗಿಯಲಿಲ್ಲ. ತುಂಬ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಉಪಕರಣ ಬಂತು, ಮಾಡೆಲ್ ಬರಲಿಲ್ಲ. ಮಾಡೆಲ್ ಫೈಲ್ ಬೇರೆ, ಅದು ಮೊದಲ ಸಲ ಓಡಿಸುವಾಗ ನೆಟ್‌ನಿಂದ ಇಳಿಯುತ್ತದೆ. ಹಾಗಾಗಿ ನೆಟ್ ಇರುವ ಕಂಪ್ಯೂಟರಿನಲ್ಲಿ ಬೇಕಾದ ಮಾಡೆಲ್ ಹೆಸರು ಕೊಟ್ಟು ಒಂದು ಫೋಟೊ ಓಡಿಸಿ ನೋಡಿ. ಬಳಕೆದಾರನ ಹೋಮ್ ಫೋಲ್ಡರಿನಲ್ಲಿ `.u2net` ಎಂಬ ಫೋಲ್ಡರ್ ಹುಟ್ಟಿ, ಅದರೊಳಗೆ `isnet-general-use.onnx` ಅಥವಾ `u2net.onnx` ಕೂರುತ್ತದೆ. ಅದನ್ನು ಹಾಗೇ ನಕಲು ಮಾಡಿ, ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಅದೇ ಹೆಸರಿನ ಫೋಲ್ಡರಿಗೆ ಹಾಕಿ. ನಕಲು ಅರ್ಧಕ್ಕೆ ನಿಂತಿದ್ದರೆ ಫೈಲಿನ ಗುರುತು ಹೊಂದುವುದಿಲ್ಲ. ಆಗ ಉಪಕರಣ ಮತ್ತೆ ಇಳಿಸಿಕೊಳ್ಳಲು ಹೋಗಿ, ನೆಟ್ ಸಿಗದೆ ತಪ್ಪು ತೋರಿಸುತ್ತದೆ. ನೆಟ್ ಇಲ್ಲದ ಲ್ಯಾಪ್‌ಟಾಪ್ ಡೌನ್‌ಲೋಡ್ ತಪ್ಪಿತು ಎಂದರೆ ಮೊದಲು ಫೈಲಿನ ಗಾತ್ರ ನೋಡಿ. ಮೇಲಿನ ಎರಡೂ ಮಾಡೆಲ್ 170ರಿಂದ 180 ಎಂಬಿ ಆಸುಪಾಸು ಇರುತ್ತವೆ.

ಒಂದು ಫೋಲ್ಡರಿನ ಫೋಟೊಗಳನ್ನೆಲ್ಲ ಒಟ್ಟಿಗೆ ಓಡಿಸಲು ಹೀಗೆ:

```
rembg p -m isnet-general-use photos out
```

ಮಾಡೆಲ್ ಆರಿಸುವಾಗ ಎರಡು ವಿಷಯ ನೋಡಬೇಕು. ಒಂದು, ಯಂತ್ರದ ತಾಕತ್ತು. `birefnet-general` 2024ರದು, ಅಂಚು ಹಿಡಿಯುವುದರಲ್ಲಿ ಹಳೆಯ ಮಾಡೆಲ್‌ಗಳಿಗಿಂತ ಚುರುಕು. ಆದರೆ ಫೈಲೇ ಒಂದು ಜಿಬಿ ಹತ್ತಿರ ಇದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಅದರ ಮುಂದೆ ಏದುಸಿರು ಬಿಡುತ್ತದೆ. ಎರಡನೆಯದು ಪರವಾನಗಿ. `rembg` ಪಟ್ಟಿಯಲ್ಲಿರುವ ಎಲ್ಲ ಮಾಡೆಲ್‌ಗಳೂ ವ್ಯಾಪಾರಕ್ಕೆ ಮುಕ್ತ ಅಲ್ಲ. ಉದಾಹರಣೆಗೆ `bria-rmbg` ಒಳ್ಳೆಯ ಮಾಡೆಲ್, ಫೈಲು ಉಚಿತವಾಗಿ ಸಿಗುತ್ತದೆ, ಆದರೆ ವ್ಯಾಪಾರಕ್ಕೆ ಬಳಸಲು ಕಂಪನಿಯ ಜೊತೆ ಬೇರೆ ಒಪ್ಪಂದ ಬೇಕು. ಜೀನ್ಸ್ ಮಾರುವ ಫೋಟೊ ವ್ಯಾಪಾರವೇ ಅಲ್ವಾ? `u2net` ಮತ್ತು `birefnet` ಮೂಲ ಮಾಡೆಲ್‌ಗಳಿಗೆ ಇಂಥ ತಡೆ ಇಲ್ಲ.

ಮಾಡೆಲ್ ನೋಡುವ ಫೋಟೊ ನಿಮ್ಮ ಫೋಟೊ ಅಲ್ಲ

ನೀವು ಕೊಟ್ಟ ಫೋಟೊವನ್ನು ಮಾಡೆಲ್ ಪೂರ್ತಿ ಅಳತೆಯಲ್ಲಿ ನೋಡುವುದೇ ಇಲ್ಲ. `u2net` ಆದರೆ ಅದನ್ನು 320ಕ್ಕೆ 320 ಚುಕ್ಕೆಯ, ಅಂದರೆ ಪಿಕ್ಸೆಲ್‌ನ, ಚೌಕಕ್ಕೆ ಕುಗ್ಗಿಸಿ ನೋಡುತ್ತದೆ. `isnet-general-use` ಮತ್ತು `birefnet-general` 1024ಕ್ಕೆ 1024ರ ಚೌಕಕ್ಕೆ ಕುಗ್ಗಿಸುತ್ತವೆ. ಆ ಚೌಕದಲ್ಲಿ ಪ್ರತಿ ಚುಕ್ಕೆಗೂ 0ಯಿಂದ 255ರವರೆಗೆ ಒಂದು ಅಂಕ ಕೊಡುತ್ತದೆ: 255 ಅಂದರೆ ವಸ್ತು, 0 ಅಂದರೆ ಹಿನ್ನೆಲೆ, ನಡುವಿನದು ಅರೆಬರೆ. ಈ ಅಂಕಗಳ ಚಿತ್ರಕ್ಕೆ ಮಾಸ್ಕ್ ಎನ್ನುತ್ತಾರೆ. ಆಮೇಲೆ ಮಾಸ್ಕನ್ನು ಮತ್ತೆ ಹಿಗ್ಗಿಸಿ ನಿಮ್ಮ ಮೂಲ ಫೋಟೊದ ಮೇಲೆ ಹೊದಿಸುತ್ತಾರೆ. ಫೋಟೊ ಹಳೆಯ ಅಳತೆಯಲ್ಲೇ ಇರುತ್ತದೆ, ಕತ್ತರಿಸಿದ ಗೆರೆ ಮಾತ್ರ ಕುಗ್ಗಿದ ಚಿತ್ರದಿಂದ ಬಂದದ್ದು. ದೊಡ್ಡ ಕಣ್ಣಿನ ಜರಡಿಯಲ್ಲಿ ಸಣ್ಣ ನುಚ್ಚು ನಿಲ್ಲುವುದಿಲ್ಲವಲ್ಲ, ಇಲ್ಲೂ ಹಾಗೇ.

ಜರಡಿಯ ಕಣ್ಣು ಎಷ್ಟು ದೊಡ್ಡದು ಎಂದು ಒಂದು ಪ್ಯಾಂಟಿನ ಮೇಲೆ ಲೆಕ್ಕ ಹಾಕೋಣ. ಫೋನ್ ನಿಲ್ಲಿಸಿ ತೆಗೆದ ಫೋಟೊ: ಅಗಲ 3000, ಎತ್ತರ 4000 ಚುಕ್ಕೆ. ಪ್ಯಾಂಟಿನ ಉದ್ದ 100 ಸೆಂಟಿಮೀಟರ್, ಅದು ಫೋಟೊದಲ್ಲಿ 3600 ಚುಕ್ಕೆ ಹಿಡಿದಿದೆ. ಅಂದರೆ ಒಂದು ಸೆಂಟಿಮೀಟರಿಗೆ 36 ಚುಕ್ಕೆ. ಕಾಲಿನ ತುದಿಯಲ್ಲಿ ಹೊಲಿಗೆ ಹಾಕದೆ ಬಿಟ್ಟ ಅಂಚಿದೆ, ಅಲ್ಲಿ ಒಂದೂವರೆ ಸೆಂಟಿಮೀಟರ್ ಉದ್ದದ ಎಳೆಗಳು ಜೋತಾಡುತ್ತಿವೆ. ಒಂದು ಎಳೆಯ ದಪ್ಪ ಅರ್ಧ ಮಿಲಿಮೀಟರ್ ಎಂದು ಹಿಡಿದರೆ, ಫೋಟೊದಲ್ಲಿ ಅದು ಹೆಚ್ಚುಕಡಿಮೆ 2 ಚುಕ್ಕೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಈಗ `u2net`. 3000 ಅಗಲ 320ಕ್ಕೆ ಇಳಿದಾಗ ಮಾಸ್ಕಿನ ಒಂದು ಚುಕ್ಕೆ ಮೂಲದ 9.4 ಚುಕ್ಕೆಗೆ ಸಮ. ಬಟ್ಟೆಯ ಮೇಲೆ ಅದು 2.6 ಮಿಲಿಮೀಟರ್. ಅರ್ಧ ಮಿಲಿಮೀಟರಿನ ಎಳೆ ಅದರ ಐದನೇ ಒಂದು ಭಾಗ. ಐದರಲ್ಲಿ ನಾಲ್ಕು ಪಾಲು ಗೋಡೆ, ಒಂದು ಪಾಲು ನೂಲು ಇರುವ ಚುಕ್ಕೆ ಗೋಡೆಯ ಬಣ್ಣದ್ದೇ ಆಗಿ ಕಾಣುತ್ತದೆ. ಹಾಗಾಗಿ ಎಳೆಗಳೆಲ್ಲ ಮಾಯ, ಇಲ್ಲವೇ ಮಂಜಿನಂಥ ಒಂದು ಪಟ್ಟಿ. `isnet-general-use` ಆದರೆ ಒಂದು ಚುಕ್ಕೆ ಮೂಲದ 2.9 ಚುಕ್ಕೆ, ಅಂದರೆ 0.8 ಮಿಲಿಮೀಟರ್. ಎಳೆ ಅದರ ಅರ್ಧಕ್ಕಿಂತ ಜಾಸ್ತಿ ತುಂಬುತ್ತದೆ. ಗುಂಪಾಗಿರುವ ಎಳೆಗಳು ಉಳಿಯುತ್ತವೆ, ಒಂಟಿ ಎಳೆ ತುಂಡು ತುಂಡಾಗುತ್ತದೆ.

ಎರಡು ಕಾಲುಗಳ ನಡುವಿನ ಸಂದಿನಲ್ಲೂ ಇದೇ ಕಥೆ. ಅದು ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದಾಗಿ ಹೊಲಿಗೆಯಲ್ಲಿ ಮುಗಿಯುತ್ತದೆ. ಮಾಸ್ಕಿನ ಚುಕ್ಕೆಗಿಂತ ಸಂದು ಕಿರಿದಾದಲ್ಲಿಂದ ಮೇಲೆ ಮಾಡೆಲ್‌ಗೆ ಸಂದೇ ಇಲ್ಲ. ಅಲ್ಲಿ ಗೋಡೆಯ ಬಣ್ಣದ ಒಂದು ಉದ್ದ ಚೂಪು ಗೆರೆ ಹಾಗೇ ಉಳಿಯುತ್ತದೆ. ಬಿಳಿ ಗೋಡೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಗೋಡೆಗೆ ಸಾಮಾನ್ಯವಾಗಿ ಇರುವ ತಿಳಿ ಹಸಿರು, ತಿಳಿ ಗುಲಾಬಿ ಬಣ್ಣವಾದರೆ ಬಿಳಿ ಹಿನ್ನೆಲೆಯ ಮೇಲೆ ಎದ್ದು ಕಾಣುತ್ತದೆ.

98 ಅಂಕ ತೆಗೆದೂ ಸೋಲುವುದು

ಮಾಡೆಲ್‌ಗಳನ್ನು ಹೋಲಿಸುವಾಗ ಬಳಸುವ ಒಂದು ಅಳತೆ ಹೀಗಿದೆ: ಮಾಡೆಲ್ ವಸ್ತು ಎಂದು ಹೇಳಿದ ಜಾಗ ಮತ್ತು ನಿಜವಾಗಿ ವಸ್ತು ಇರುವ ಜಾಗ, ಇವೆರಡೂ ಕೂಡುವ ಭಾಗವನ್ನು ಎರಡರ ಒಟ್ಟು ಹರವಿನಿಂದ ಭಾಗಿಸುವುದು. ಪೂರ್ತಿ ಕೂಡಿದರೆ ನೂರಕ್ಕೆ ನೂರು.

ನಮ್ಮ ಪ್ಯಾಂಟಿಗೆ ಇದನ್ನು ಹಚ್ಚಿ ನೋಡಿ. ಪ್ಯಾಂಟಿನ ಹರವು ಸುಮಾರು 3600 ಚದರ ಸೆಂಟಿಮೀಟರ್ ಎಂದು ಹಿಡಿಯೋಣ. ಎರಡೂ ಕಾಲಿನ ತುದಿಯ ಎಳೆಪಟ್ಟಿ: ತಲಾ 20 ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ಉದ್ದ. ಒಟ್ಟು 60 ಚದರ ಸೆಂಟಿಮೀಟರ್. ಈ ಎಳೆಗಳನ್ನು ಮಾಡೆಲ್ ಕತ್ತರಿಯಿಂದ ಕತ್ತರಿಸಿದಂತೆ ಪೂರ್ತಿ ಹಾರಿಸಿದರೂ ಕಳೆದುಹೋಗುವುದು 3600ರಲ್ಲಿ 60, ಅಂದರೆ ನೂರಕ್ಕೆ 1.7. ಅಂಕ ಇನ್ನೂ 98ರ ಮೇಲೆಯೇ. ಎಳೆಗಳ ನಡುವಿನ ಖಾಲಿ ಜಾಗ ಬಿಟ್ಟು ಎಣಿಸಿದರೆ ನಷ್ಟ ಇನ್ನೂ ಕಡಿಮೆ. ಕಾಲಿನ ಸಂದಿನ ತುದಿಯಂತೂ ಲೆಕ್ಕಕ್ಕೇ ಬರುವುದಿಲ್ಲ: 8 ಸೆಂಟಿಮೀಟರ್ ಉದ್ದ, ಬುಡದಲ್ಲಿ 4 ಮಿಲಿಮೀಟರ್ ಅಗಲದ ತ್ರಿಕೋನ ಅಂದರೆ 1.6 ಚದರ ಸೆಂಟಿಮೀಟರ್.

ಕೊಳ್ಳುವವರು ಮಾತ್ರ ನೋಡುವುದು ಆ 60 ಚದರ ಸೆಂಟಿಮೀಟರನ್ನೇ. ಹೊಲಿಯದೆ ಬಿಟ್ಟ ಅಂಚಿಗೇ ಅವರು ದುಡ್ಡು ಕೊಡುವುದು. ಫೋಟೊದಲ್ಲಿ ಅದು ನೇರ ಕತ್ತರಿಸಿದ ಅಂಚಿನಂತೆ ಕಂಡು, ಮನೆಗೆ ಬಂದ ಪ್ಯಾಂಟಿನಲ್ಲಿ ಎಳೆ ಜೋತಾಡಿದರೆ ಮಾಲು ವಾಪಸ್ಸು ಬರುತ್ತದೆ. ಪರಿಚಯದ ಫೋಟೊಗ್ರಾಫರ್ ಒಬ್ಬರು ಇಂಥ ಒಂದು ಚಿತ್ರ ತೋರಿಸಿ, "ನೋಡ್ರಿ, ಎಲ್ಲಾ ಛಲೋ ಐತಿ, ಆದ್ರ ಇದು ನಮ್ಮ ಪ್ಯಾಂಟೇ ಅಲ್ಲ" ಅಂದರು. ನಿಖರತೆ ಎಷ್ಟು ಎಂದು ಕೇಳುವುದಕ್ಕಿಂತ, ತಪ್ಪುಗಳು ಪ್ಯಾಂಟಿನ ಯಾವ ಜಾಗದಲ್ಲಿ ಗುಂಪುಗೂಡುತ್ತವೆ ಎಂದು ಕೇಳಬೇಕು. ಅವು ಚದುರಿ ಬೀಳುವುದಿಲ್ಲ, ಅಂಚಿಗೇ ಬಂದು ಸೇರುತ್ತವೆ.

ಗುರುತಿಸುವುದು ಸುಲಭ. ಫಲಿತಾಂಶವನ್ನು ಬಿಳಿಯ ಮೇಲೆ ನೋಡಬೇಡಿ. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು, ಕೆಳಗೆ ಕಡು ಗುಲಾಬಿ ಬಣ್ಣದ ಒಂದು ಪದರ ಹಾಕಿ, ನೂರಕ್ಕೆ ನೂರು ಅಳತೆಗೆ ಹಿಗ್ಗಿಸಿ ನಾಲ್ಕು ಜಾಗ ನೋಡಿ: ಎರಡು ಕಾಲಿನ ತುದಿ, ಸಂದಿನ ಮೇಲ್ತುದಿ, ಹರಿದ ಮೊಣಕಾಲು. ಬಿಳಿಯ ಮೇಲೆ ಅಡಗಿದ್ದ ತೂತು, ಮಂಜು, ಉಳಿದ ಗೋಡೆ ಎಲ್ಲವೂ ಗುಲಾಬಿಯ ಮೇಲೆ ತಟ್ಟನೆ ಕಾಣುತ್ತವೆ. ಫೈಲು ಪಿಎನ್‌ಜಿ ಆಗಿಯೇ ಇರಲಿ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ.

ಜರಡಿಯ ಕಣ್ಣು ಕಿರಿದು ಮಾಡುವುದು

ಮಾಡೆಲ್ ಬದಲಿಸದೆ ಮಾಡಬಹುದಾದ ಕೆಲಸ ಇಲ್ಲಿದೆ. ಫೋಟೊವನ್ನು ಚೌಕಕ್ಕೆ ಕುಗ್ಗಿಸುವಾಗ ಈ ಉಪಕರಣ ಅಗಲ ಮತ್ತು ಎತ್ತರದ ಪ್ರಮಾಣ ಕಾಪಾಡುವುದಿಲ್ಲ, ಹಾಗೇ ಅಮುಕುತ್ತದೆ. ಇದರಿಂದ ನಮಗೆ ಒಂದು ಲಾಭ ಉಂಟು. ಪ್ಯಾಂಟಿನ ಅಕ್ಕಪಕ್ಕದ ಖಾಲಿ ಗೋಡೆಯನ್ನು ಮೊದಲೇ ಕ್ರಾಪ್ ಮಾಡಿ ಅಗಲವನ್ನು 3000ದಿಂದ 1800ಕ್ಕೆ ಇಳಿಸಿದರೆ, 1024ರ ಮಾಸ್ಕಿನ ಒಂದು ಚುಕ್ಕೆ ಅಡ್ಡಕ್ಕೆ 0.8 ಮಿಲಿಮೀಟರಿನಿಂದ 0.5ಕ್ಕೆ ಬರುತ್ತದೆ. ಜೋತುಬಿದ್ದ ಎಳೆಗೆ ಬೇಕಾದದ್ದು ಅಡ್ಡ ಅಳತೆಯೇ. ಆದರೆ ಲೆಕ್ಕದಲ್ಲಿ ಗೆದ್ದಷ್ಟು ಕೈಗೆ ಬರುವುದಿಲ್ಲ. `isnet` ಒಳಗೆ ಹೋದ ತಕ್ಷಣ ಚಿತ್ರವನ್ನು ಮತ್ತೊಮ್ಮೆ ಅರ್ಧ ಮಾಡಿಕೊಂಡು ಕೆಲಸ ಶುರು ಮಾಡುತ್ತದೆ, ಕೊನೆಗೆ ಹಿಗ್ಗಿಸುತ್ತದೆ. ಹಾಗಾಗಿ ಅರ್ಧ ಮಿಲಿಮೀಟರಿನ ಎಳೆ ಇನ್ನೂ ಅದರ ಕಣ್ಣಿನ ಅಂಚಿನಲ್ಲೇ ಇರುತ್ತದೆ.

ಅದಕ್ಕೆ ಮುಂದಿನ ಹೆಜ್ಜೆ: ಇಡೀ ಪ್ಯಾಂಟಿಗೆ ಒಂದು ಮಾಸ್ಕ್, ಕಾಲಿನ ತುದಿಗೆ ಬೇರೆ ಮಾಸ್ಕ್. ಎಡಗಾಲಿನ ಕೆಳಗಿನ 30 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ತುಂಡು ಕತ್ತರಿಸಿದರೆ ಅದು 1080ಕ್ಕೆ 900 ಚುಕ್ಕೆ. 1024ರ ಚೌಕಕ್ಕೆ ಹೆಚ್ಚುಕಡಿಮೆ ಸರಿಸಮ. ಅಗಲ ಕುಗ್ಗುವುದೇ ಇಲ್ಲ, ಉದ್ದ ತುಸು ಮಾತ್ರ.

```python
from PIL import Image, ImageOps
from rembg import new_session, remove

s = new_session("isnet-general-use")
im = ImageOps.exif_transpose(Image.open("jeans.jpg")).convert("RGB")
mask = remove(im, session=s, only_mask=True)
box = (600, 2800, 1500, 3880)
part = remove(im.crop(box), session=s, only_mask=True)
mask.paste(part, box[:2])
im.putalpha(mask)
im.save("jeans.png")
```

`box` ಒಳಗಿನ ಅಂಕಗಳು ಎಡ, ಮೇಲೆ, ಬಲ, ಕೆಳಗೆ ಎಂಬ ಕ್ರಮದಲ್ಲಿವೆ. ಬಲಗಾಲಿಗೆ ಇನ್ನೊಂದು ಚೌಕಟ್ಟು ಕೊಟ್ಟು ಅದೇ ಮೂರು ಸಾಲು ಮತ್ತೆ ಬರೆಯಬೇಕು. ಕ್ಯಾಮೆರಾ, ಹ್ಯಾಂಗರ್ ಎರಡೂ ಅಲುಗದಂತೆ ಇಟ್ಟು ಒಂದೇ ಸೈಜಿನ ಪ್ಯಾಂಟುಗಳನ್ನು ತೆಗೆದರೆ ಈ ಅಂಕಗಳು ಇಡೀ ಕಂತಿಗೆ ಒಂದೇ ಸಾಕು. `exif_transpose` ಬಿಡಬೇಡಿ. ಫೋನಿನಲ್ಲಿ ತೆಗೆದ ಎಷ್ಟೋ ಫೋಟೊಗಳು ಒಳಗೆ ಅಡ್ಡ ಮಲಗಿರುತ್ತವೆ, ಆಗ ಚೌಕಟ್ಟು ಎಲ್ಲೋ ಹೋಗಿ ಬೀಳುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಈ ಮಾಡೆಲ್‌ಗಳಿಗೆ ಜೀನ್ಸ್ ಅಂದರೇನು ಎಂದು ಗೊತ್ತಿಲ್ಲ. ಚಿತ್ರದಲ್ಲಿ ಎದ್ದು ಕಾಣುವ ವಸ್ತು ಯಾವುದು ಎಂದು ಗುರುತಿಸಲು ಅವನ್ನು ಪಳಗಿಸಿದ್ದಾರೆ. `u2net` ಕಲಿತದ್ದು ಡಟ್ಸ್ ಎಂಬ ಸಂಗ್ರಹದ 10,553 ಚಿತ್ರಗಳಿಂದ. ಅದರಲ್ಲಿ ಪ್ರಾಣಿ, ಪಕ್ಷಿ, ಜನ, ಸಾಮಾನು ಎಲ್ಲ ಬೆರೆತಿವೆ. ಕಾಲಿನ ತುದಿಯ ತುಂಡಿನಲ್ಲಿ ಸುತ್ತ ಗೋಡೆ ಕಾಣುವುದರಿಂದ ಎದ್ದು ಕಾಣುವುದು ಕಾಲೇ, ಹಾಗಾಗಿ ಕೆಲಸ ಆಗುತ್ತದೆ. ಅದೇ ಸೊಂಟದ ಭಾಗವನ್ನು ತೀರಾ ಹತ್ತಿರದಿಂದ ಕತ್ತರಿಸಿ ಕೊಟ್ಟರೆ ಚಿತ್ರದ ತುಂಬ ನೀಲಿ ಬಟ್ಟೆ. ಆಗ ಎದ್ದು ಕಾಣುವುದು ಚರ್ಮದ ಲೇಬಲ್ಲೋ, ಹಿತ್ತಾಳೆ ಗುಂಡಿಯೋ. ಮಾಡೆಲ್ ಅದನ್ನೇ ವಸ್ತು ಅಂದುಕೊಂಡು ಉಳಿದ ಬಟ್ಟೆಯನ್ನು ಅಳಿಸಿಬಿಡಬಹುದು. ತುಂಡಿನ ಕನಿಷ್ಠ ಎರಡು ಬದಿಯಲ್ಲಿ ಗೋಡೆ ಇರಲಿ, ಮತ್ತು ತುಂಡು ಕೂಡಿದ ಗೆರೆಯನ್ನು ಒಮ್ಮೆ ಕಣ್ಣಾರೆ ನೋಡಿ.

ಬಣ್ಣ ಬೆರೆತ ಚುಕ್ಕೆ

ಮಾಸ್ಕ್ ಸರಿಯಾಗಿದ್ದೂ ಅಂಚಿನಲ್ಲಿ ಹಸಿರು ಗೆರೆ ಉಳಿಯುವುದುಂಟು. ಇದು ಮಾಡೆಲ್‌ನ ತಪ್ಪಲ್ಲ. ಅಂಚಿನ ಒಂದು ಚುಕ್ಕೆಯಲ್ಲಿ ಅರ್ಧ ನೂಲು, ಅರ್ಧ ಗೋಡೆ ಇದ್ದರೆ ಕ್ಯಾಮೆರಾ ಎರಡೂ ಬಣ್ಣ ಕಲಸಿಯೇ ದಾಖಲಿಸುತ್ತದೆ. ಮಾಸ್ಕ್ ಆ ಚುಕ್ಕೆಯನ್ನು ಅರೆಪಾರದರ್ಶಕ ಮಾಡಬಹುದು, ಆದರೆ ಅದರೊಳಗೆ ಕಲಸಿದ ಗೋಡೆಯ ಬಣ್ಣ ಹೋಗುವುದಿಲ್ಲ.

ಅದಕ್ಕೆ `rembg`ನಲ್ಲಿ `-a` ಎಂಬ ಆಯ್ಕೆ ಇದೆ. ಮಾಸ್ಕಿನ ಅಂಚಿನ ಎರಡೂ ಕಡೆ ಒಂದು ಸಂಶಯದ ಪಟ್ಟಿ ಬಿಟ್ಟು, ಸುತ್ತಲಿನ ಬಣ್ಣಗಳಿಂದ ಪ್ರತಿ ಚುಕ್ಕೆಯ ಪಾಲು ಎಷ್ಟು, ಅದರ ನಿಜವಾದ ಬಣ್ಣ ಯಾವುದು ಎಂದು ಗಣಿತದಿಂದ ಬಿಡಿಸುತ್ತದೆ. ಆದರೆ ಸುಮ್ನೆ `-a` ಹಾಕಿದರೆ ಎಳೆಗಳಿಗೆ ಪ್ರಯೋಜನ ಇಲ್ಲ. ತಾನಾಗಿ ಇರುವ ಪಟ್ಟಿಯ ಅಳತೆ 10. ಅದು ಮಾಸ್ಕಿನ ಗೆರೆಯಿಂದ ಆಚೆ ಈಚೆ ಸುಮಾರು 5 ಚುಕ್ಕೆ ಮಾತ್ರ ತಲುಪುತ್ತದೆ. ನಮ್ಮ ಎಳೆ 54 ಚುಕ್ಕೆ ಉದ್ದ. ಮಾಸ್ಕ್ ಎಳೆಯನ್ನು ಬುಡದಲ್ಲೇ ಕತ್ತರಿಸಿದ್ದರೆ ಅದರ ತುದಿ ಪಟ್ಟಿಯ ಹೊರಗೇ ಉಳಿಯಿತು.

ಪೂರ್ತಿ ಅಳತೆಯಲ್ಲಿ ಪಟ್ಟಿ ಹಿಗ್ಗಿಸಲು ಹೋಗಬೇಡಿ. 12 ಮೆಗಾಪಿಕ್ಸೆಲ್ ಫೋಟೊಗೆ ಈ ಲೆಕ್ಕ ಸಾಧಾರಣ ಲ್ಯಾಪ್‌ಟಾಪ್‌ನ ರ‍್ಯಾಮನ್ನೆಲ್ಲ ನುಂಗುತ್ತದೆ. ಫೋಟೊವನ್ನು ಮೊದಲು 1500ಕ್ಕೆ 2000ಕ್ಕೆ ಇಳಿಸಿಕೊಳ್ಳಿ. ಆನ್‌ಲೈನ್ ಪಟ್ಟಿಗೆ ಅಷ್ಟು ಧಾರಾಳ ಸಾಕು. ಆಗ ಎಳೆ 27 ಚುಕ್ಕೆ ಉದ್ದ, ಪಟ್ಟಿಗೆ 60 ಕೊಟ್ಟರೆ ಅದರ ತುದಿ ಮುಟ್ಟುತ್ತದೆ:

```
rembg i -m isnet-general-use -a -ae 60 small.jpg small.png
```

ಪಟ್ಟಿ ಹೊರಗಷ್ಟೇ ಅಲ್ಲ, ಒಳಗೂ ಅಷ್ಟೇ ಚಾಚುತ್ತದೆ. ಕಡು ನೀಲಿ ಪ್ಯಾಂಟು, ತಿಳಿ ಗೋಡೆ ಇದ್ದರೆ ಗಣಿತಕ್ಕೆ ಗೊಂದಲ ಇಲ್ಲ. ಆದರೆ ಐಸ್ ವಾಷ್ ಮಾಡಿದ ತಿಳಿ ಪ್ಯಾಂಟು ಬೂದು ಗೋಡೆಯ ಮುಂದೆ ಇದ್ದರೆ, ಎರಡರ ಬಣ್ಣ ಹತ್ತಿರವಾಗಿ ಪ್ಯಾಂಟಿನ ಅಂಚೇ ಅರೆಪಾರದರ್ಶಕ ಆಗುತ್ತದೆ. ಗುಲಾಬಿ ಪದರದ ಮೇಲೆ ತೊಡೆಯ ಹೊರಬದಿ ನಸುಗೆಂಪು ತಿರುಗಿದ್ದರೆ ಅದೇ ಕಾರಣ.

ಮೊಣಕಾಲಿನ ಬಿಳಿ ನೂಲು

ಡ್ಯಾಮೇಜ್ ಪ್ಯಾಂಟಿನ ದೊಡ್ಡ ತೊಂದರೆ ಅಂಚಿನಲ್ಲಿ ಅಲ್ಲ, ನಡುವೆ ಇದೆ. ಡೆನಿಮ್‌ನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಮೊಣಕಾಲಿನ ಹತ್ತಿರ ಹಾಸು ಕತ್ತರಿಸಿ ಹೊಕ್ಕು ಉಳಿಸಿದಾಗ ಅಡ್ಡಡ್ಡ ಬಿಳಿ ಎಳೆಗಳು ಕಾಣುತ್ತವೆ. ಅದರ ಸಂದಿನಲ್ಲಿ ಕಾಣುವುದು ಗೋಡೆ ಅಲ್ಲ, ಅದೇ ಕಾಲಿನ ಹಿಂಬದಿ ಬಟ್ಟೆಯ ಒಳಮೈ. ಅದೂ ತಿಳಿ ಬಣ್ಣವೇ, ಯಾಕೆಂದರೆ ಒಳಮೈಯಲ್ಲಿ ಬಿಳಿ ಹೊಕ್ಕೇ ಜಾಸ್ತಿ ಮೇಲೆ ಬಂದಿರುತ್ತದೆ. ಬಿಳಿ ಗೋಡೆಯ ಮುಂದೆ ತೆಗೆದ ಫೋಟೊದಲ್ಲಿ ಮಾಡೆಲ್‌ಗೆ ಇದು ಪ್ಯಾಂಟಿನ ನಡುವಿನ ತೂತು, ಹಿಂದಿನ ಗೋಡೆ ಕಾಣುತ್ತಿದೆ ಅನ್ನಿಸುತ್ತದೆ. ಅಲ್ಲಿ ಅರೆಬರೆ ಅಂಕ ಕೊಡುತ್ತದೆ, ಮೊಣಕಾಲು ಪಾರದರ್ಶಕವಾಗುತ್ತದೆ.

ದುರಂತ ಏನೆಂದರೆ ಬಿಳಿ ಹಿನ್ನೆಲೆಯ ಮೇಲೆ ಇದು ಕಾಣುವುದೇ ಇಲ್ಲ. ಬಿಳಿ ಹೋಗಿ ಬಿಳಿ ಬಂತು. ಅದೇ ಪಿಎನ್‌ಜಿಯನ್ನು ಕಡು ಬಣ್ಣದ ಬ್ಯಾನರ್ ಮೇಲೆ ಕೂರಿಸಿದ ದಿನ ಮೊಣಕಾಲಲ್ಲಿ ಬ್ಯಾನರಿನ ಬಣ್ಣ ಇಣುಕುತ್ತದೆ.

ಇದಕ್ಕೆ ಮಾಡೆಲ್ ಬದಲಿಸುವುದಕ್ಕಿಂತ ಗೋಡೆ ಬದಲಿಸುವುದು ಮೇಲು. ಬಿಳಿ ಹಿನ್ನೆಲೆ ಬೇಕೆಂದು ಬಿಳಿ ಗೋಡೆ ಮುಂದೆಯೇ ತೆಗೆಯುವ ಅಭ್ಯಾಸವೇ ಇಲ್ಲಿ ತಪ್ಪು. ಹೇಗೂ ಅಳಿಸುವ ಹಿನ್ನೆಲೆ, ಅದು ಪ್ಯಾಂಟಿನ ಯಾವ ಬಣ್ಣಕ್ಕೂ ಹೊಂದದಂತಿರಬೇಕು. ನೀಲಿ, ಬಿಳಿ ಎರಡೂ ಇರುವ ಪ್ಯಾಂಟಿಗೆ ನಡುವಿನ ಬೂದು ಬಣ್ಣದ, ಹೊಳಪಿಲ್ಲದ ಬಟ್ಟೆ ಒಳ್ಳೆಯದು. ಅಂಚಿನಲ್ಲಿ ಬಣ್ಣ ಬೆರೆತರೂ ಬೂದು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಐಸ್ ವಾಷ್ ಮಾಲಿಗೆ ಮಾತ್ರ ಇನ್ನೂ ಕಡು ಬಟ್ಟೆ ಹಿಡಿಯಿರಿ. ಪ್ಯಾಂಟು ಗೋಡೆಯಿಂದ ಎರಡು ಮೂರು ಅಡಿ ಮುಂದಿರಲಿ. ಹತ್ತಿರ ಇದ್ದರೆ ಬೀಳುವ ಗಟ್ಟಿ ನೆರಳನ್ನು ಮಾಡೆಲ್ ಪ್ಯಾಂಟಿಗೇ ಸೇರಿಸಿಬಿಡುತ್ತದೆ. ಅಷ್ಟಾದರೂ ಮೊಣಕಾಲಿನಲ್ಲಿ ತೂತು ಬಿದ್ದರೆ ಜಿಂಪ್‌ನಲ್ಲಿ ಮಾಸ್ಕ್ ತೆರೆದು ಅಲ್ಲಿ ಬಿಳಿ ಕುಂಚ ಎಳೆಯಿರಿ. ಪ್ಯಾಂಟಿನ ಒಳಗಿನ ಜಾಗ, ಅಂಚಿನ ಗೋಜಿಲ್ಲ, ಅರ್ಧ ನಿಮಿಷದ ಕೆಲಸ.

ಹ್ಯಾಂಗರ್ ವಿಷಯವೂ ಇದಕ್ಕೆ ಹತ್ತಿರದ್ದು. ಹ್ಯಾಂಗರ್ ಬೇಡ, ಪ್ಯಾಂಟು ಸಾಕು ಎಂದು ಈ ಮಾಡೆಲ್‌ಗಳಿಗೆ ಹೇಳುವ ದಾರಿಯೇ ಇಲ್ಲ. ಎರಡೂ ಸೇರಿ ಒಂದೇ ವಸ್ತು. ಮೆಟಾ 2023ರಲ್ಲಿ ಬಿಟ್ಟ ಸ್ಯಾಮ್ ಎಂಬ ಮಾಡೆಲ್‌ಗೆ ಹಾಗೆ ಹೇಳಬಹುದು, ಚುಕ್ಕೆ ಇಟ್ಟು ಇದು ಬೇಕು, ಅದು ಬೇಡ ಎಂದು ತೋರಿಸಬಹುದು. ಆದರೆ ಅದರ ಮೂಲ ಮಾಸ್ಕ್ 256ಕ್ಕೆ 256 ಮಾತ್ರ, ಅಂಚು `isnet`ಗಿಂತ ಒರಟು. ಹ್ಯಾಂಗರಿನ ಬಣ್ಣವನ್ನೇ ಹಿಂದಿನ ಬಟ್ಟೆಯ ಬೂದಿಗೆ ಹೊಂದಿಸಿದರೆ ಆ ತಲೆನೋವು ಬಹುಪಾಲು ಕಡಿಮೆ.

ಎಳೆಯೂ ಬೇಕು, ನಿಖರವೂ ಇರಬೇಕು ಎಂದರೆ

ಕ್ಯಾಟಲಾಗಿನ ಮುಖಪುಟಕ್ಕೆ ಹೋಗುವ ಒಂದೆರಡು ಪೀಸ್‌ಗೆ ಮೇಲಿನ ಯಾವುದೂ ಸಾಲದು. ಅಲ್ಲಿ ಮಾಡೆಲ್ ಊಹಿಸುತ್ತಿದೆ, ನಮಗೆ ಬೇಕಾದದ್ದು ಅಳತೆ. ಅದಕ್ಕೆ ಈ ಮಾಡೆಲ್‌ಗಳಿಗಿಂತ ಹಳೆಯ ಒಂದು ದಾರಿ ಇದೆ. ಅದೇ ಪ್ಯಾಂಟನ್ನು ಅದೇ ಜಾಗದಲ್ಲಿ ಎರಡು ಸಲ ತೆಗೆಯುವುದು: ಒಮ್ಮೆ ಹಿಂದೆ ಬಿಳಿ ಬಟ್ಟೆ, ಒಮ್ಮೆ ಕಪ್ಪು ಬಟ್ಟೆ. ಎರಡೂ ಫೋಟೊದಲ್ಲಿ ಬದಲಾಗದ ಚುಕ್ಕೆ ಪ್ಯಾಂಟು. ಪೂರ್ತಿ ಬದಲಾದದ್ದು ಹಿನ್ನೆಲೆ. ಅರ್ಧ ಬದಲಾದದ್ದು ಅರ್ಧ ನೂಲು.

```
a = 1 - (W - B) / (w - b)
```

`W`, `B` ಎಂದರೆ ಅದೇ ಚುಕ್ಕೆಯ ಬೆಳಕು ಬಿಳಿ ಫೋಟೊದಲ್ಲಿ ಮತ್ತು ಕಪ್ಪು ಫೋಟೊದಲ್ಲಿ. `w`, `b` ಎಂದರೆ ಬರೀ ಬಿಳಿ ಬಟ್ಟೆಯ ಮತ್ತು ಬರೀ ಕಪ್ಪು ಬಟ್ಟೆಯ ಬೆಳಕು. ಬಿಳಿ ಬಟ್ಟೆ 240, ಕಪ್ಪು 20 ಇದ್ದು, ಎಳೆಯ ಅಂಚಿನ ಒಂದು ಚುಕ್ಕೆ ಬಿಳಿ ಫೋಟೊದಲ್ಲಿ 215, ಕಪ್ಪಿನಲ್ಲಿ 105 ಬಂದರೆ: 110ನ್ನು 220ರಿಂದ ಭಾಗಿಸಿದರೆ 0.5. ಅಂದರೆ ಆ ಚುಕ್ಕೆಯಲ್ಲಿ ನೂಲಿನ ಪಾಲು ಅರ್ಧ. ಇಲ್ಲಿ 1024ರ ಚೌಕ ಇಲ್ಲ, ಕುಗ್ಗಿಸುವುದಿಲ್ಲ, ಕ್ಯಾಮೆರಾ ಕಂಡ ಪ್ರತಿ ಎಳೆಯೂ ಉಳಿಯುತ್ತದೆ. ಮೊಣಕಾಲಿನ ಬಿಳಿ ಹೊಕ್ಕೂ ತೂತಾಗುವುದಿಲ್ಲ, ಯಾಕೆಂದರೆ ಹಿಂದಿನ ಬಟ್ಟೆ ಬದಲಾದರೂ ಅದು ಬದಲಾಗಲಿಲ್ಲ. ಜೆಪೆಗ್‌ನ ಅಂಕಗಳು ನಿಜವಾದ ಬೆಳಕಿಗೆ ನೇರ ಪ್ರಮಾಣದಲ್ಲಿ ಇರುವುದಿಲ್ಲ, ಹಾಗಾಗಿ ನಡುವಿನ ಪಾಲುಗಳು ತುಸು ಆಚೀಚೆ ಬರುತ್ತವೆ. ಕ್ಯಾಟಲಾಗ್ ಕೆಲಸಕ್ಕೆ ಅದು ಅಡ್ಡಿಯಲ್ಲ.

ಫೋನು ಸ್ಟ್ಯಾಂಡಿನ ಮೇಲೆ ಕದಲದೆ ಇರಬೇಕು. ಬೆಳಕಿನ ಅಳತೆ, ಫೋಕಸ್, ಬಣ್ಣದ ಹೊಂದಾಣಿಕೆ ಮೂರನ್ನೂ ಲಾಕ್ ಮಾಡಬೇಕು. ಇಲ್ಲದಿದ್ದರೆ ಕಪ್ಪು ಬಟ್ಟೆ ಕಂಡ ಕೂಡಲೇ ಫೋನು ತಾನಾಗಿ ಚಿತ್ರವನ್ನು ಬೆಳಗಿಸಿ ಲೆಕ್ಕ ಕೆಡಿಸುತ್ತದೆ. ಹಿಂದಿನ ಬಟ್ಟೆ ಬದಲಿಸುವಾಗ ಪ್ಯಾಂಟಿಗೆ ಕೈ ತಾಗಬಾರದು. ಮತ್ತು ಬಳ್ಳಾರಿಯ ಬಿಸಿಲಿನಲ್ಲಿ ಹೇಳುವುದು ಕಷ್ಟ, ಆದರೂ ಆ ಎರಡು ಫೋಟೊ ಮುಗಿಯುವ ತನಕ ಫ್ಯಾನ್ ಆರಿಸಲೇಬೇಕು: ಒಂದು ಎಳೆ ಎರಡು ಚುಕ್ಕೆಯಷ್ಟು ಅಲುಗಿದರೂ ಅದರ ಪಕ್ಕದಲ್ಲಿ ಇಲ್ಲದ ಇನ್ನೊಂದು ಎಳೆ ಹುಟ್ಟುತ್ತದೆ.